ಹುಣಸೆಬೀಜ ಮತ್ತು ಹನ್ನೆರಡು ಚೀಟಿ: ನಮ್ಮ ಮನೆಯ ಪಾಸ್‌ವರ್ಡ್ ಪ್ರಾಜೆಕ್ಟ್

ಬಿಸಿಎ ಕೊನೆ ವರ್ಷದ ಪ್ರಾಜೆಕ್ಟಿಗೆ ನಾನು ನಮ್ಮ ಮನೆಯನ್ನೇ ಆರಿಸಿಕೊಂಡೆ. ತಾತ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅಕ್ಕ, ಒಟ್ಟು ಆರು ಜನ. ಇವರು ಪಾಸ್‌ವರ್ಡ್ ಹೇಗೆ ಇಟ್ಟುಕೊಂಡಿದ್ದಾರೆ, ಮೋಸದ ಮೆಸೇಜ್ ಬಂದರೆ ಏನು ಮಾಡುತ್ತಾರೆ ಅಂತ ನೋಡುವುದು ನನ್ನ ಕೆಲಸ.

ಮೊದಲ ದಿನವೇ ಗೈಡ್ ಮೇಡಂ ಒಂದು ಪ್ರಶ್ನೆ ಕೇಳಿದರು: "ಅವರ ಪಾಸ್‌ವರ್ಡ್ ನಿನಗೆ ಗೊತ್ತಾಗದ ಹಾಗೆ ಅವರ ಅಭ್ಯಾಸ ಹೇಗೆ ತಿಳ್ಕೋತೀಯ?" ನಾನು ಮಾಡಿಟ್ಟಿದ್ದ ಫಾರ್ಮಿನಲ್ಲಿ "ನಿಮ್ಮ ಪಾಸ್‌ವರ್ಡ್ ಎಂಥದ್ದು, ಒಂದು ಉದಾಹರಣೆ ಕೊಡಿ" ಅಂತ ಇತ್ತು. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಅಂತ ಕಲಿಸಬೇಕಾದವನೇ ಅದನ್ನು ಕೇಳಿದ ಹಾಗಾಯಿತು, ಅಲ್ವಾ? ಆ ಫಾರ್ಮನ್ನು ಅಲ್ಲಿಗೇ ಬಿಟ್ಟೆ.

ದಾರಿ ಸಿಕ್ಕಿದ್ದು ಚೌಕಾಬಾರದ ಡಬ್ಬಿಯಲ್ಲಿ. ಅದರಲ್ಲಿದ್ದ ಹುಣಸೆಬೀಜ ತೆಗೆದು ಒಬ್ಬೊಬ್ಬರಿಗೂ ಒಂದು ಹಿಡಿ ಕೊಟ್ಟೆ. ಒಂದು ಖಾತೆಗೆ ಒಂದು ಬೀಜ. ಒಂದೇ ಪಾಸ್‌ವರ್ಡ್ ಇರುವ ಖಾತೆಗಳ ಬೀಜ ಒಂದೇ ಗುಂಪಿಗೆ. ಕೊನೆಯಲ್ಲಿ 1 ಇದ್ದದ್ದು 2 ಆಗಿದ್ದರೆ ಅದೂ ಅದೇ ಗುಂಪು, ಯಾಕಂದರೆ ಒಂದು ಗೊತ್ತಾದವನಿಗೆ ಇನ್ನೊಂದನ್ನು ಊಹಿಸೋದು ಕಷ್ಟವಲ್ಲ. ಒಟಿಪಿ ಮಾತ್ರ ಕೇಳುವ ಆಪ್‌ಗಳ ಬೀಜ ಪಕ್ಕಕ್ಕೆ. ಜಿಮೇಲ್ ಬೀಜಕ್ಕೆ ಸುಣ್ಣದ ಬೊಟ್ಟು. ಯಾರೂ ಬಾಯಿ ಬಿಟ್ಟು ಏನೂ ಹೇಳಬೇಕಿರಲಿಲ್ಲ. ನಾನು ಗುಂಪುಗಳನ್ನು ಎಣಿಸಿ ಬರೆದುಕೊಂಡೆ, ಅಷ್ಟೇ.

ಅಮ್ಮ ಮನೆಯಲ್ಲೇ ಟೈಲರಿಂಗ್ ಮಾಡುತ್ತಾಳೆ. ಅವಳು ಇಟ್ಟಿದ್ದು ಹದಿನಾಲ್ಕು ಬೀಜ. ಮೂರು ಪಕ್ಕಕ್ಕೆ ಹೋದವು. ಉಳಿದ ಹನ್ನೊಂದರಲ್ಲಿ ಒಂಬತ್ತು ಒಂದೇ ಗುಂಪು, ಸುಣ್ಣದ ಬೊಟ್ಟಿನದೂ ಅದರೊಳಗೇ. ಬ್ಲೌಸ್ ಡಿಸೈನ್ ನೋಡೋಕೆ ಎಂದೋ ಸೇರಿದ್ದ ಒಂದು ಸಣ್ಣ ವೆಬ್‌ಸೈಟಿನ ಬೀಜವೂ ಅಲ್ಲೇ ಇತ್ತು. ಆ ಎರಡು ಬೀಜ ಎತ್ತಿ ತೋರಿಸಿ ಹೇಳಿದೆ: "ಈ ಸೈಟಿಂದ ಪಾಸ್‌ವರ್ಡ್ ಸೋರಿದರೆ ಅದೇ ಕೀಲಿಯಿಂದ ಜಿಮೇಲೂ ತೆಗೀಬಹುದು. ಜಿಮೇಲ್ ಸಿಕ್ಕಿದರೆ 'ಪಾಸ್‌ವರ್ಡ್ ಮರೆತಿದೆ' ಅಂತ ಒತ್ತಿ ಉಳಿದದ್ದರಲ್ಲೂ ಜಾಸ್ತಿ ಭಾಗ ಬದಲಾಯಿಸಿಕೊಳ್ಳಬಹುದು." ಅಮ್ಮ ತಾನೇ ಬೊಟ್ಟಿನ ಬೀಜ ತೆಗೆದು ದೂರ ಇಟ್ಟಳು. ಎಷ್ಟೋ ಸಲ ಬಾಯಲ್ಲಿ ಹೇಳಿದ್ದು ಆವತ್ತು ಅವಳಿಗೆ ಕಣ್ಣಿಗೆ ಕಂಡಿತು.

ಹನ್ನೊಂದನ್ನೂ ಒಂದೇ ದಿನ ಬದಲಾಯಿಸಲು ಹೋಗಲಿಲ್ಲ. ಮೊದಲು ಜಿಮೇಲ್. ಪಾಸ್‌ವರ್ಡ್ ಮರೆತಾಗ ಕೋಡ್ ಬರುವ ಅದರ ರಿಕವರಿ ನಂಬರ್ ನೋಡಿದರೆ ರೀಚಾರ್ಜ್ ನಿಂತು ವರ್ಷಗಳಾದ ಹಳೇ ಸಿಮ್ಮಿನದು! ಅಂಥ ನಂಬರ್ ಕಂಪನಿಯಿಂದ ಬೇರೆಯವರಿಗೆ ಹೋಗಿರಬಹುದು. ಅದನ್ನು ತೆಗೆದು ಈಗಿನ ನಂಬರ್ ಹಾಕಿದೆವು, ಎರಡು ಹಂತದ ಪರಿಶೀಲನೆ ಆನ್ ಮಾಡಿದೆವು. ಈ ರಿಕವರಿ ನಂಬರ್ ವಿಷಯ ನನ್ನ ಪ್ರಶ್ನಾವಳಿಯಲ್ಲಿ ಇರಲೇ ಇಲ್ಲ. ಆಮೇಲೆ ಉಳಿದವರದನ್ನೂ ನೋಡಿದೆ.

ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಜೋಡಿಸೋಣ ಅಂದೆ. ಉದ್ದವಾದಷ್ಟೂ ಊಹಿಸೋದು ಕಷ್ಟ, ಅಮ್ಮನಿಗೆ ನೆನಪಿಡೋದೂ ಸುಲಭ. ಆದರೆ ಎರಡನೇ ದಿನ ಲಾಗಿನ್ ಆಗಲಿಲ್ಲ. ಅಮ್ಮನಿಗೆ ಪದಗಳು ಸರಿಯಾಗಿಯೇ ನೆನಪಿದ್ದವು. ಕಾಗುಣಿತ ಮಾತ್ರ ಕೈಕೊಟ್ಟಿತ್ತು. ಕಿಟಕಿಯನ್ನು ಒಂದು ಸಲ `kitaki`, ಇನ್ನೊಂದು ಸಲ `kitiki` ಅಂತ ಹೊಡೆದಿದ್ದಳು. ಬಾಗಿಲು `bagilu` ಕೂಡ ಆಗುತ್ತೆ, `baagilu` ಕೂಡ ಆಗುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋಕೆ ಒಂದೇ ರೀತಿ ಅಂತ ಇಲ್ಲವಲ್ಲ. ಹಾಗಾಗಿ ದೀರ್ಘ, ಒತ್ತಕ್ಷರ ಇಲ್ಲದ ಪದಗಳನ್ನು ಹುಡುಕಿದೆವು. ಒಂದೊಂದನ್ನೂ ಮೂರು ಸಲ ಟೈಪ್ ಮಾಡಿಸಿದೆ. ಮೂರು ಸಲವೂ ಒಂದೇ ಥರ ಬಂದ ಪದ ಮಾತ್ರ ಉಳಿಯಿತು. ಪದಗಳನ್ನು ಅವಳೇ ಆರಿಸಿದಳು, ನಾನು ಮುಖ ತಿರುಗಿಸಿ ಕೂತೆ. ಅವಳು ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಟ್ಟಳು. ಅದಕ್ಕೆ ನಾನು ಬೇಡ ಅನ್ನಲಿಲ್ಲ. ಅಮ್ಮನ ಜಿಮೇಲಿಗೆ ಕೈ ಹಾಕುವವನು ಎಲ್ಲೋ ದೂರದಲ್ಲಿರುತ್ತಾನೆ, ಬೀರು ತೆಗೆಯೋಕೆ ಬರೋದಿಲ್ಲ. ಒಂಬತ್ತು ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಬರೆದಿಡುವುದು ಎಷ್ಟೋ ಮೇಲು.

ಇನ್ನು ಫಿಶಿಂಗ್, ಅಂದರೆ ಮೋಸದ ಮೆಸೇಜಿನ ಬಲೆ. ಮನೆಯವರಿಗೆ ಗೊತ್ತಿಲ್ಲದ ಹಾಗೆ ನಕಲಿ ಲಿಂಕ್ ಕಳಿಸಿ ಪರೀಕ್ಷೆ ಮಾಡಬೇಕು ಅಂತ ನನಗೂ ಮೊದಲು ಆಸೆ ಇತ್ತು. ಮೇಡಂ ಬೇಡ ಅಂದರು. ಒಪ್ಪಿಗೆ ಇಲ್ಲದೆ ಮಾಡಿದರೆ ಮನೆಯಲ್ಲಿ ನಂಬಿಕೆ ಹೋಗುತ್ತೆ. ಬ್ಯಾಂಕಿನ ಹೆಸರಲ್ಲಿ ನಕಲಿ ಪೇಜ್ ಮಾಡಿದರೆ ಕಾನೂನಿನ ತೊಂದರೆಯೂ ಬರಬಹುದು. ಹಾಗಾಗಿ ಎಲ್ಲರನ್ನೂ ಕೇಳಿ, ಒಪ್ಪಿಸಿ, ಕಾಗದದ ಚೀಟಿ ಮಾಡಿದೆ. ಹನ್ನೆರಡು ಮೆಸೇಜ್, ಆರು ನಿಜ, ಆರು ಸುಳ್ಳು. ನಿಜದವು ನಮ್ಮ ಫೋನುಗಳಿಗೇ ಬಂದವು, ಖಾತೆ ಸಂಖ್ಯೆ ಅಳಿಸಿದ್ದೆ. ಸುಳ್ಳಿನವು ಜನರಿಗೆ ನಿಜವಾಗಿ ಬರುವಂಥವೇ: ಇವತ್ತು ರಾತ್ರಿ 9:30ಕ್ಕೆ ಕರೆಂಟ್ ಕಟ್ ಆಗುತ್ತೆ, ಈ ಮೊಬೈಲ್ ನಂಬರಿಗೆ ಫೋನ್ ಮಾಡಿ ಅನ್ನೋದು, ಮದುವೆ ಕರೆಯೋಲೆ ಅಂತ ವಾಟ್ಸಾಪಿನಲ್ಲಿ ಬಂದು ಫೋನಿಗೆ ಆಪ್ ಹಾಕಿಸುವ `.apk` ಫೈಲ್, ಟ್ರಾಫಿಕ್ ದಂಡದ ಲಿಂಕ್. ದಂಡದ ಚೀಟಿಯ ಲಿಂಕ್ ಹೀಗಿತ್ತು:

```
https://echallan.parivahan.gov.in.danda.example/pay
```

ಓದುತ್ತಾ ಹೋದರೆ ಸರ್ಕಾರದ್ದೇ ಅನಿಸುತ್ತೆ. ಆದರೆ `https://` ಆದಮೇಲೆ ಬರುವ ಮೊದಲ ಓರೆಗೆರೆಗೆ ಅಂಟಿಕೊಂಡು ಅದರ ಎಡಕ್ಕೆ ಏನಿದೆ ಅಂತ ನೋಡಬೇಕು. ಅಲ್ಲಿರೋದು `danda.example`. ಅದೇ ಈ ವಿಳಾಸದ ಒಡೆಯ. ಅದಕ್ಕಿಂತ ಎಡಗಡೆ ಏನು ಬೇಕಾದರೂ ಅಂಟಿಸಬಹುದು. `.example` ಬಳಸಿದ್ದಕ್ಕೂ ಕಾರಣವಿದೆ. ಅದನ್ನು ಉದಾಹರಣೆಗಳಿಗೆ ಅಂತಲೇ ಕಾದಿರಿಸಿದ್ದಾರೆ, ಯಾರಾದರೂ ಟೈಪ್ ಮಾಡಿದರೂ ಯಾವ ಸೈಟೂ ತೆರೆಯೋದಿಲ್ಲ.

"ಇದು ಮೋಸಾನಾ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹುಷಾರಾಗಿಬಿಡುತ್ತಾರೆ. "ಇದು ಬಂದರೆ ಏನು ಮಾಡ್ತೀರಿ?" ಅಂತಷ್ಟೇ ಕೇಳಿದೆ. ತಾತ ರಿಟೈರ್ಡ್ ಮೇಷ್ಟ್ರು, ಎಲ್ಲವನ್ನೂ ಪೂರ್ತಿ ಓದುತ್ತಾರೆ. ಮೊದಲ ಸುತ್ತಿನಲ್ಲಿ ಆರು ಸುಳ್ಳಿನಲ್ಲಿ ನಾಲ್ಕಕ್ಕೆ ಮೆಸೇಜಿನಲ್ಲಿ ಹೇಳಿದ ಹಾಗೇ ಮಾಡುತ್ತೇನೆ ಅಂದರು. ಕರೆಂಟ್ ಮೆಸೇಜಿಗಂತೂ ತಕ್ಷಣ ಫೋನ್ ತೆಗೆದುಕೊಂಡರು.

ಒಂದು ಗಂಟೆ ಕೂತು ಎಲ್ಲ ವಿವರಿಸಿದೆ. ಮೂರು ವಾರ ಬಿಟ್ಟು ಹೊಸ ಚೀಟಿಗಳೊಂದಿಗೆ ಎರಡನೇ ಸುತ್ತು. ತಾತ ಆರು ಸುಳ್ಳನ್ನೂ ತಳ್ಳಿಹಾಕಿದರು. ನನಗೆ ತುಂಬ ಖುಷಿಯಾಯಿತು. ಆಮೇಲೆ ನಿಜದ ಚೀಟಿಗಳ ಲೆಕ್ಕ ನೋಡಿದೆ. ಆ ಆರನ್ನೂ ತಳ್ಳಿಹಾಕಿದ್ದರು! ಖಾತೆಯಿಂದ ಹಣ ಹೋಗಿದೆ ಅನ್ನುವ ಬ್ಯಾಂಕಿನ ನಿಜವಾದ ಎಸ್ಸೆಮ್ಮೆಸ್ಸನ್ನೂ "ಮೋಸ, ಅಳಿಸಿಬಿಡು" ಅಂದರು. ನಾಳೆ ನಿಜವಾಗಿ ಯಾರಾದರೂ ಹಣ ತೆಗೆದರೆ ತಾತನಿಗೆ ಗೊತ್ತಾಗಬೇಕಾದದ್ದು ಅದೇ ಮೆಸೇಜಿನಿಂದ. ನಿಜದ ಚೀಟಿ ಇಡದೇ ಇದ್ದಿದ್ದರೆ ಪ್ರಾಜೆಕ್ಟ್ ಗೆದ್ದಿತು ಅಂತ ರಿಪೋರ್ಟ್ ಬರೆದುಬಿಡುತ್ತಿದ್ದೆ. ನಾನು ಕಲಿಸಿದ್ದು ಗುರುತು ಹಿಡಿಯುವುದನ್ನಲ್ಲ, ಬರೀ ಹೆದರಿಕೆಯನ್ನು.

ಹಾಗಾಗಿ ಕಲಿಸುವ ರೀತಿಯನ್ನೇ ಬದಲಾಯಿಸಿದೆ. ನಿಜವೋ ಸುಳ್ಳೋ ಅನ್ನುವ ತೀರ್ಮಾನ ತಾತ ಮಾಡಬೇಕಾಗಿಯೇ ಇಲ್ಲ. ಮೆಸೇಜಿನಲ್ಲಿರುವ ಲಿಂಕ್, ನಂಬರ್, ಫೈಲ್ ಮುಟ್ಟಬಾರದು. ವಿಷಯವನ್ನು ಮಾತ್ರ ತಲೆಯಲ್ಲಿಟ್ಟುಕೊಂಡು ತಮಗೆ ಮೊದಲೇ ಗೊತ್ತಿರುವ ದಾರಿಯಲ್ಲಿ ವಿಚಾರಿಸಬೇಕು. ಕರೆಂಟಿನದಾದರೆ 1912. ಬ್ಯಾಂಕಿನದಾದರೆ ಪಾಸ್‌ಬುಕ್ಕಿನಲ್ಲಿರುವ ನಂಬರ್. ಹಣ ಹೋಗಿಯೇಬಿಟ್ಟಿದ್ದರೆ ಒಂದು ನಿಮಿಷವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930. ಇವನ್ನು ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿದೆ. ಮೂರನೇ ಸುತ್ತಿನಲ್ಲಿ ಬ್ಯಾಂಕಿನ ಚೀಟಿಗೆ ತಾತ ಹೇಳಿದ್ದು: "ಪಾಸ್‌ಬುಕ್ ತಗೊಂಡು ಬಾ, ಫೋನ್ ಮಾಡಿ ಕೇಳೋಣ." ಕರೆಂಟಿನ ಸುಳ್ಳು ಚೀಟಿಗೂ ಸುಮ್ನೆ ಗೋಡೆ ಕಡೆ ಕೈ ತೋರಿಸಿದರು.

ಆರು ಜನರ ಲೆಕ್ಕವನ್ನು ಶೇಕಡಾದಲ್ಲಿ ಬರೆಯಲಿಲ್ಲ, ಅದಕ್ಕೆ ಅರ್ಥವಿಲ್ಲ. ಹೆಸರು, ಸಂಬಂಧ ಎರಡನ್ನೂ ಬಿಟ್ಟು "ವ್ಯಕ್ತಿ 1", "ವ್ಯಕ್ತಿ 2" ಅಂತ ಬರೆದೆ. ಈಗ ಇಲ್ಲಿ ಅಮ್ಮನದು, ತಾತನದು ಹೇಳಿದ್ದು ಅವರನ್ನು ಕೇಳಿಯೇ. ವೈವಾದಲ್ಲಿ ಒಬ್ಬರು ಕೇಳಿದರು: "ಚೀಟಿ ಮುಂದೆ ಸಮಾಧಾನವಾಗಿ ಕೂತು ಹೇಳಿದ್ದನ್ನೇ ಫೋನ್ ಬಂದಾಗಲೂ ಮಾಡ್ತಾರಾ?" ಅದು ನನ್ನ ಚೀಟಿಗಳಿಂದ ಗೊತ್ತಾಗೋದಿಲ್ಲ, ಒಲೆ ಮೇಲೆ ಹಾಲಿಟ್ಟಾಗ ಬರುವ ಫೋನೇ ಬೇರೆ ಅಂತ ಉತ್ತರ ಕೊಟ್ಟೆ. ಅಮ್ಮನ ದೊಡ್ಡ ಗುಂಪಿನಲ್ಲಿ ಈಗ ನಾಲ್ಕು ಬೀಜ ಉಳಿದಿವೆ. ವಾರಕ್ಕೊಂದರಂತೆ ತೆಗೆಯುತ್ತಿದ್ದೇವೆ.