ನಿಂತುಹೋದ ಪಿಂಚಣಿಯ ಜಾಡು ಹಿಡಿದದ್ದು: ಮಹಿಳಾ ಒಕ್ಕೂಟ, ಸಂಸ್ಥೆ, ಪಂಚಾಯಿತಿ ಸೇರಿ ಮಾಡಿದ ಕೆಲಸ

ಸಂಧ್ಯಾ ಸುರಕ್ಷಾ ಯೋಜನೆಯ ಹಣಕ್ಕೆ ಹಳ್ಳಿಯಲ್ಲಿ ‘ಮುದುಕರ ಸಂಬಳ’ ಅನ್ನುತ್ತಾರೆ. 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ಅದು ನಿಂತರೆ ಹಿರಿಯರು ಮೊದಲು ಬರುವುದು ಗ್ರಾಮ ಪಂಚಾಯಿತಿಗೆ. ಆದರೆ ಅರ್ಜಿ ತೆಗೆದುಕೊಳ್ಳುವುದು ನಾಡಕಚೇರಿ, ಮಂಜೂರು ಮಾಡುವುದು ತಹಶೀಲ್ದಾರರು, ಹಣ ಹೋಗುವುದು ಖಜಾನೆಯಿಂದ ನೇರವಾಗಿ ಬ್ಯಾಂಕಿಗೆ. ಪಂಚಾಯಿತಿಯವರ ಕೈಯಲ್ಲಿ ಇದರಲ್ಲಿ ಏನೂ ಇಲ್ಲ. ಹಾಗಾಗಿ ‘ಬರುತ್ತೆ ಹೋಗಜ್ಜಿ’ ಎಂಬ ಉತ್ತರವೇ ಗಟ್ಟಿ.

ನಮ್ಮದು ಸಣ್ಣ ಸ್ವಯಂಸೇವಾ ಸಂಸ್ಥೆ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟ ಮತ್ತು ಪಂಚಾಯಿತಿಯ ಜೊತೆ ಕೂತು ಈ ಕೆಲಸವನ್ನು ಮೂರು ಪಾಲು ಮಾಡಿದೆವು. ಯಾರಿಗೆ ಹಣ ಬರುತ್ತಿಲ್ಲ ಎಂದು ಹುಡುಕುವುದು ಸಂಘದ ಹೆಂಗಸರ ಪಾಲು, ಏಕೆ ಬರುತ್ತಿಲ್ಲ ಎಂದು ಪತ್ತೆಹಚ್ಚುವುದು ಸಂಸ್ಥೆಯ ಪಾಲು, ಕಚೇರಿಗಳಿಗೆ ಪತ್ರ ಬರೆದು ಉತ್ತರ ತರಿಸುವುದು ಪಂಚಾಯಿತಿಯ ಸಾಮಾಜಿಕ ನ್ಯಾಯ ಸಮಿತಿಯ ಪಾಲು. ಇದನ್ನು ಒಂದೇ ಪುಟದಲ್ಲಿ ಬರೆದು, ಪಂಚಾಯಿತಿ ಸಾಮಾನ್ಯ ಸಭೆಯ ನಡಾವಳಿಗೆ ಸೇರಿಸಿದೆವು. ನಡಾವಳಿಯಲ್ಲಿ ಇಲ್ಲದ ಒಪ್ಪಂದ ಪಿಡಿಒ ವರ್ಗವಾದ ದಿನವೇ ಮುಗಿದಂತೆ.

ಪಟ್ಟಿ ಮಾಡುವಾಗ ಮೊದಲ ಸುತ್ತಿನಲ್ಲೇ ಎಡವಿದೆವು. ಸಂಘದ ವಾರದ ಸಭೆಯಲ್ಲಿ ‘ಯಾರಿಗೆ ಪಿಂಚಣಿ ಬಂದಿಲ್ಲ?’ ಎಂದು ಕೇಳಿದರೆ ಸದಸ್ಯರ ಅತ್ತೆ-ಮಾವಂದಿರ ಹೆಸರಷ್ಟೇ ಬಂತು. ವಾರಕ್ಕೊಮ್ಮೆ ಉಳಿತಾಯ ಕಟ್ಟಲಾಗದವರು ಸಂಘಕ್ಕೇ ಸೇರಿರುವುದಿಲ್ಲ. ಒಂಟಿ ಮುದುಕಿ, ಮಕ್ಕಳು ದೂರದೂರಿಗೆ ಹೋದ ಮನೆ, ಊರಾಚೆಯ ಗುಡಿಸಲು, ಇವೆಲ್ಲ ಪಟ್ಟಿಯಿಂದ ತಪ್ಪಿದ್ದವು. ಎರಡನೇ ಸುತ್ತಿಗೆ ಸಂಘಗಳ ಲೆಕ್ಕ ಬಿಟ್ಟು ಬೀದಿಗಳ ಲೆಕ್ಕ ಹಿಡಿದೆವು. ಒಬ್ಬ ಸದಸ್ಯೆಗೆ ಅಕ್ಕಪಕ್ಕದ ಎಂಟು-ಹತ್ತು ಮನೆ, ಸದಸ್ಯರಿರಲಿ ಇಲ್ಲದಿರಲಿ. ಪ್ರಶ್ನೆಯನ್ನೂ ಬದಲಿಸಿದೆವು: ‘ಕೊನೆಯ ಸಲ ಹಣ ಬಂದದ್ದು ಯಾವ ತಿಂಗಳು, ಯಾವ ಬ್ಯಾಂಕಿಗೆ? ಪಾಸ್‌ಬುಕ್ ತೋರಿಸಿ.’ ನೋಟ್‌ಬುಕ್ಕಿನಲ್ಲಿ ಹೆಸರು, ಬೀದಿ, ಕೊನೆಯ ಜಮೆಯ ತಿಂಗಳು, ಬ್ಯಾಂಕು, ಆಧಾರ್‌ನ ಕೊನೆಯ ನಾಲ್ಕು ಅಂಕಿ, ಇಷ್ಟೇ. ಆಧಾರ್ ಜೆರಾಕ್ಸ್ ಇಟ್ಟುಕೊಳ್ಳುವುದನ್ನು ಬೇಡವೆಂದೆವು. ಜೆರಾಕ್ಸ್ ಕಂತೆ ಯಾರ ಬ್ಯಾಗಿನಲ್ಲಿರುತ್ತದೋ, ಸಿಮ್ಮಿಗೋ ಸಾಲಕ್ಕೋ ಯಾವಾಗ ಬಳಕೆಯಾಗುತ್ತದೋ ಹೇಳಲಾಗದು.

ಪಟ್ಟಿ ಬಂದ ಮೇಲೆ ಕಾರಣ ಹುಡುಕುವುದು. ಹೊರಗಿಂದ ಎಲ್ಲವೂ ‘ಹಣ ಬಂದಿಲ್ಲ’ ಎಂದೇ ಕಾಣುತ್ತದೆ. ಒಳಗೆ ಅದು ಮೂರು ಬಗೆ: ಹಣ ಹೋಗಿದೆ, ಆದರೆ ಬೇರೆ ಖಾತೆಗೆ ಬಿದ್ದಿದೆ; ಹಣ ಕಳಿಸಿದ್ದಾರೆ, ಆದರೆ ಬ್ಯಾಂಕಿನಲ್ಲಿ ತಿರಸ್ಕೃತವಾಗಿದೆ; ಇಲ್ಲವೇ ಮಂಜೂರಾತಿಯೇ ರದ್ದಾಗಿದೆ. ಮೊದಲೆರಡಕ್ಕೆ ಬ್ಯಾಂಕಿಗೆ ಹೋಗಬೇಕು, ಮೂರನೆಯದಕ್ಕೆ ನಾಡಕಚೇರಿಗೆ. ಇದು ತಿಳಿಯದೆ ಹೊಸ ಅರ್ಜಿ ಹಾಕಿಸಿಬಿಟ್ಟರೆ, ಹಳೆಯ ಮಂಜೂರಾತಿ ಇನ್ನೂ ಜೀವಂತವಿರುವುದರಿಂದ ಹೊಸದು ತಿರಸ್ಕೃತವಾಗುತ್ತದೆ. ಮಧ್ಯವರ್ತಿಗಳು ಇದನ್ನೇ ಮಾಡುತ್ತಾರೆ, ಅರ್ಜಿಗೊಂದಿಷ್ಟು ಎಂದು ದುಡ್ಡೂ ತೆಗೆದುಕೊಳ್ಳುತ್ತಾರೆ.

ಬಗೆ ತಿಳಿಯಲು DBT Karnataka ಆ್ಯಪ್ ಸಾಕು. ಯಾವ ತಿಂಗಳ ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಯಿತು ಎಂದು ಅದರಲ್ಲಿ ಕಾಣುತ್ತದೆ. ತೊಡಕು ಒಟಿಪಿಯದ್ದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಎಷ್ಟೋ ಸಲ ದೂರದ ಊರಿನಲ್ಲಿರುವ ಮಗನದ್ದು, ಇಲ್ಲವೇ ಎಂದೋ ಸತ್ತುಹೋದ ನಂಬರು. ಒಟಿಪಿ ಯಾರಿಗೂ ಹೇಳಬೇಡಿ ಎಂದು ನಾವೇ ಕಲಿಸಿ, ಈಗ ನಾವೇ ಕೇಳುವುದು ಸರಿಯಲ್ಲ. ಅದಕ್ಕೆ ಮೊಬೈಲ್ ಹಿರಿಯರ ಕೈಯಲ್ಲೋ ಮನೆಯವರ ಕೈಯಲ್ಲೋ ಇರುವಾಗಲಷ್ಟೇ, ಅವರ ಎದುರೇ ನೋಡುತ್ತಿದ್ದೆವು. ನಂಬರ್ ಬದಲಿಸಬೇಕಾದವರನ್ನು ಪೋಸ್ಟ್‌ಮ್ಯಾನ್‌ಗೆ ತೋರಿಸುತ್ತಿದ್ದೆವು. ಅಂಚೆ ಬ್ಯಾಂಕಿನ ಸೇವೆಯಲ್ಲಿ ಅದು ಮನೆ ಬಾಗಿಲಲ್ಲೇ ಆಗುತ್ತದೆ.

ಒಂದು ಪ್ರಕರಣ ಬಿಡಿಸಿ ಹೇಳುತ್ತೇನೆ. 72ರ ಅಜ್ಜಿ. ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಏಳು ತಿಂಗಳಿಂದ ಜಮೆ ಇಲ್ಲ, ಅಂದರೆ 8,400 ರೂಪಾಯಿ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆಯಲ್ಲ’ ಎಂದು ಕಳಿಸಿದ್ದರು. ಆ ಮಾತು ಸುಳ್ಳಲ್ಲ, ಆದರೆ ಸಾಲದು. ಗುರುತಿನ ದಾಖಲೆಯಾಗಿ ಖಾತೆಗೆ ಆಧಾರ್ ಜೋಡಿಸುವುದು ಒಂದು. ಸರ್ಕಾರದ ಹಣ ಈ ಖಾತೆಗೇ ಬರಲಿ ಎಂದು ಎನ್‌ಪಿಸಿಐ ಮ್ಯಾಪಿಂಗ್ ಮಾಡಿಸುವುದು ಇನ್ನೊಂದು. ಮ್ಯಾಪಿಂಗ್ ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ ಇರುತ್ತದೆ, ಕೊನೆಯದಾಗಿ ಮಾಡಿಸಿದ್ದು ಗೆಲ್ಲುತ್ತದೆ. ಆ್ಯಪ್‌ನಲ್ಲಿ ನೋಡಿದರೆ ಏಳೂ ತಿಂಗಳ ಹಣ ಬೇರೊಂದು ಬ್ಯಾಂಕಿಗೆ ಹೋಗಿತ್ತು. ಮನೆಗೆ ಬಂದ ಏಜೆಂಟ್ ಒಬ್ಬರು ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಖಾತೆ ಅದು. ಅಜ್ಜಿಗೆ ಅದು ವಿಮೆ ಎಂದಷ್ಟೇ ಗೊತ್ತು, ಪಾಸ್‌ಬುಕ್ ಕೊಟ್ಟೇ ಇರಲಿಲ್ಲ.

ಇಂಥದ್ದರಲ್ಲಿ ಕ್ರಮ ತಪ್ಪಬಾರದು. ಮೊದಲು ಆ ಖಾತೆಯ ಹಣ ತೆಗೆಸಬೇಕು, ಆಮೇಲೆ ಮ್ಯಾಪಿಂಗ್ ಬದಲಿಸಬೇಕು. ಹೊಸ ಕಂತು ಹಳೆಯ ಬ್ಯಾಂಕಿಗೆ ಬರತೊಡಗಿದರೆ ಮನೆಯವರು ಆ 8,400ರ ಹಿಂದೆ ಹೋಗುವುದಿಲ್ಲ. ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಬಿಸಿ ಸಖಿಯ ಯಂತ್ರದಲ್ಲಿ ಹೆಬ್ಬೆಟ್ಟು ಇಟ್ಟರೆ ಹಣ ತೆಗೆಯಬಹುದಿತ್ತು. ಗೇಯ್ದು ಗೇಯ್ದು ಬೆರಳಿನ ಗೆರೆ ಸವೆದಿದ್ದರಿಂದ ಯಂತ್ರ ಹಿಡಿಯಲಿಲ್ಲ. ಒಕ್ಕೂಟದ ಇಬ್ಬರು ಅಜ್ಜಿಯನ್ನು ಶಾಖೆಗೇ ಕರೆದೊಯ್ದರು. ಹಣ ತೆಗೆಸಿ, ಅಲ್ಲಿಂದ ಗ್ರಾಮೀಣ ಬ್ಯಾಂಕಿಗೆ ಹೋಗಿ ಮ್ಯಾಪಿಂಗ್‌ನ ಒಪ್ಪಿಗೆ ಫಾರಂ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡರು. ಸೀಲಿಲ್ಲದ ಫಾರಂ ಮೇಜಿನ ಮೇಲೇ ಉಳಿಯುತ್ತದೆ.

ಸಂಘದ ಹೆಂಗಸರಿಗೆ ಗೌರವಧನ ಕೊಡಬೇಕೇ ಎಂಬ ಚರ್ಚೆ ಬಹಳ ನಡೆಯಿತು. ಪುಕ್ಕಟೆ ಕೆಲಸ ಎರಡು ತಿಂಗಳು ನಡೆದು ನಿಂತಿತು, ಅದರಲ್ಲಿ ಅವರ ತಪ್ಪೇನಿಲ್ಲ, ಕೂಲಿ ಬಿಟ್ಟು ಬರುವವರು. ಕೊನೆಗೆ ಸಂಸ್ಥೆಯಿಂದ ಒಕ್ಕೂಟದ ಖಾತೆಗೆ ಕಟ್ಟಿ, ಅಲ್ಲಿಂದ ಅವರಿಗೆ ಕೊಡುವಂತೆ ಮಾಡಿದೆವು. ಬಗೆಹರಿದ ಪ್ರಕರಣಕ್ಕೆ ಇಷ್ಟು ಎಂದು ಕೊಡಬಾರದು. ಹಾಗೆ ಕೊಟ್ಟರೆ ಸುಲಭದ ಮನೆಗಳಿಗಷ್ಟೇ ಹೋಗುತ್ತಾರೆ. ಭೇಟಿ ಕೊಟ್ಟ ಮನೆಯ ಲೆಕ್ಕಕ್ಕೆ ಕೊಟ್ಟೆವು.

ಇದಕ್ಕಿಂತ ದೊಡ್ಡ ತೊಂದರೆ ಸಾಲದ ಕಂತಿನದು. ಬಾಕಿ ಬಂದ ಏಳು ತಿಂಗಳ ಹಣ ಕೈಗೆ ಸಿಕ್ಕ ದಿನವೇ ಒಂದು ಸಂಘದವರು ಸೊಸೆಯ ಸಾಲದ ಕಂತಿಗೆ ಅದನ್ನು ಕೇಳಿದರು. ಹಣ ಹುಡುಕಿಕೊಟ್ಟವರೇ ಸಾಲ ವಸೂಲಿಗೂ ನಿಂತರೆ ಮುಂದಿನ ಮನೆಯವರು ಪಾಸ್‌ಬುಕ್ ತೋರಿಸುವುದಿಲ್ಲ. ಒಪ್ಪಂದದ ಪುಟಕ್ಕೆ ಒಂದು ಸಾಲು ಸೇರಿಸಿದೆವು: ಪಿಂಚಣಿ ಕೆಲಸಕ್ಕೆ ಹೋಗುವವರು ಅದೇ ಬೀದಿಯಲ್ಲಿ ಸಾಲ ವಸೂಲಿಗೆ ಹೋಗುವಂತಿಲ್ಲ.

ಸಾಮಾಜಿಕ ನ್ಯಾಯ ಸಮಿತಿಯ ಸಭೆಯಲ್ಲಿ ಪಟ್ಟಿಯನ್ನು ಸಾಲುಸಾಲಾಗಿ ಓದುತ್ತಿದ್ದೆವು. ಪ್ರತಿ ಸಾಲಿನ ಮುಂದೆ ಯಾರು, ಯಾವ ಕಚೇರಿಗೆ, ಯಾವ ತಾರೀಕಿನೊಳಗೆ ಹೋಗುತ್ತಾರೆ ಎಂದು ಬರೆಯಬೇಕು. ‘ಪರಿಶೀಲನೆಯಲ್ಲಿದೆ’ ಎಂದು ಬರೆಯಲು ಅವಕಾಶವಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ಸತತ ಎರಡು ತಿಂಗಳ ಜಮೆ ಕಣ್ಣಾರೆ ನೋಡಿದ ಮೇಲಷ್ಟೇ ಸಾಲು ಹೊಡೆದುಹಾಕುತ್ತಿದ್ದೆವು.

ಬ್ಯಾಂಕಿನ ಪ್ರಕರಣಗಳು ಹೀಗೆ ಕರಗುತ್ತಾ ಬಂದವು. ಪಟ್ಟಿಯ ಕೊನೆಯಲ್ಲಿ ಉಳಿದುಕೊಳ್ಳುವುದು ಮಂಜೂರಾತಿ ರದ್ದಾದವರು, ಅದರಲ್ಲೂ ದಾಖಲೆಯಲ್ಲಿ ‘ಮೃತ’ ಎಂದಾದವರು. ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು ನೋಡಿ ವರದಿ ಕೊಡಬೇಕು, ಅದು ತಹಶೀಲ್ದಾರರವರೆಗೆ ಹೋಗಬೇಕು. ಇಲ್ಲಿ ಒಕ್ಕೂಟದಿಂದ ಆಗುವುದು ಒಂದೇ: ಅಧಿಕಾರಿ ಬರುವ ದಿನ ಆ ಅಜ್ಜ ಕೂಲಿಗೋ ಮಗಳ ಮನೆಗೋ ಹೋಗದೆ ಮನೆಯಲ್ಲೇ ಇರುವಂತೆ ನೋಡಿಕೊಳ್ಳುವುದು.