ಕಚೇರಿಗೆ ಕೈಮಗ್ಗದ ಸೀರೆ: ಗಂಜಿ ತೆಳುವಾಗಿರಲಿ

ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೇನೋ ಇದೆ. ಆದರೆ ಮಂಜೇಶ್ವರದಲ್ಲಿ ಬಸ್ಸು ಹತ್ತಿ, ನಿಂತುಕೊಂಡೇ ವಿದ್ಯಾನಗರದ ಕಚೇರಿಗೆ ಹೋಗುವ ನನ್ನಂಥವಳಿಗೆ ಬೇಕಾದದ್ದು ಸಂಜೆಯವರೆಗೆ ಕೆಡದ ನೆರಿಗೆ. ಅದು ನಿಲ್ಲುವುದು ಗಂಜಿಯ ಹದದಿಂದ.

ಕುಚ್ಚಲಕ್ಕಿಯ ಗಂಜಿ ಬೇಡ. ಅದರ ಕೆಂಬಣ್ಣ ತಿಳಿಬಣ್ಣದ ಸೀರೆಯನ್ನು ಮಂಕಾಗಿಸುತ್ತದೆ. ಒಂದು ಹಿಡಿ ಬೆಳ್ತಿಗೆ ಅಕ್ಕಿಯನ್ನು ಧಾರಾಳ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ತಿಳಿಯನ್ನು ತೆಳು ಬಟ್ಟೆಯಲ್ಲಿ ಸೋಸಿ. ಒಂದು ಲೋಟ ತಿಳಿಗೆ ಅರ್ಧ ಬಕೆಟ್ ನೀರು ಸಾಕು. ಬೆರಳುಗಳ ನಡುವೆ ಉಜ್ಜಿದರೆ ನುಣುಪು ತಿಳಿಯಬೇಕು, ಅಂಟಬಾರದು. ಅಂಟಿದರೆ ಇನ್ನಷ್ಟು ನೀರು ಸುರಿಯಿರಿ.

ಸೀರೆಯನ್ನು ಮೊದಲು ಬರಿ ನೀರಿನಲ್ಲಿ ನೆನೆಸಿ ಹಿಂಡಿ, ಆಮೇಲೆ ಗಂಜಿಗೆ ಅದ್ದಿ. ಒಣ ಬಟ್ಟೆ ಗಂಜಿಯನ್ನು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕುಡಿಯುತ್ತದೆ. ನನ್ನ ಕಡುನೀಲಿ ಸೀರೆಯ ಸೆರಗಿನಲ್ಲಿ ಒಮ್ಮೆ ಬಿಳಿ ಗೆರೆಗಳೆದ್ದದ್ದು ಹೀಗೆಯೇ. ಮತ್ತೆ ಬರಿ ನೀರಿನಲ್ಲಿ ಎರಡು ಸಲ ಜಾಲಿಸಿದಾಗ ಹೋದವು. ಒಣಹಾಕುವ ಮುನ್ನ ಇಬ್ಬರು ಎರಡು ತುದಿ ಹಿಡಿದು ಅಂಚು ನೇರವಾಗುವಂತೆ ಎಳೆಯಬೇಕು; ನಮ್ಮ ಮನೆಯಲ್ಲಿ ಆ ಇನ್ನೊಬ್ಬರು ಅತ್ತೆ. ನೆರಳಿನಲ್ಲಿ ಒಣಗಿಸಿ, ತುಸು ತೇವ ಉಳಿದಿರುವಾಗಲೇ ಇಸ್ತ್ರಿ ಹಾಕಿ. ಗಾಢ ಬಣ್ಣವಾದರೆ ಒಳಮೈಗೆ ಹಾಕಿ, ಇಲ್ಲದಿದ್ದರೆ ಹೊರಗೆ ಹೊಳಪು ಬೀಳುತ್ತದೆ.

ರವಿಕೆಗೆ ಮಾತ್ರ ಗಂಜಿ ಹಾಕಬೇಡಿ. ಕಂಕುಳಲ್ಲಿ ಗಂಜಿಯೂ ಬೆವರೂ ಸೇರಿದರೆ ಮಧ್ಯಾಹ್ನದ ಹೊತ್ತಿಗೆ ಚರ್ಮ ಉರಿಯುತ್ತದೆ. ಚೌಕುಳಿ ಸೀರೆಗೆ ಚೌಕುಳಿಯದೇ ರವಿಕೆ ಕಣ್ಣಿಗೆ ಗೊಂದಲ. ಅದರ ಸಣ್ಣ ಎಳೆಯ ಬಣ್ಣವೊಂದನ್ನು ಆರಿಸಿ, ಅದೇ ಬಣ್ಣದ ಸಾದಾ ಹತ್ತಿ ಬಟ್ಟೆ ತನ್ನಿ. ನೀಲಿ ಮೈಯಲ್ಲಿ ಸಾಸಿವೆ ಹಳದಿ ಗೆರೆಯಿದ್ದರೆ ರವಿಕೆ ಸಾಸಿವೆ ಹಳದಿಯದೇ ಆಗಲಿ. ಬಟ್ಟೆಯನ್ನೂ ಒಳಪದರವನ್ನೂ ಒಂದು ರಾತ್ರಿ ನೆನೆಸಿ ಒಣಗಿಸಿದ ಮೇಲೆಯೇ ದರ್ಜಿಗೆ ಕೊಡಿ. ಇಲ್ಲವಾದರೆ ಮೊದಲ ಒಗೆತಕ್ಕೇ ತೋಳು ಬಿಗಿಯುತ್ತದೆ.

ಉಡುವಾಗ ಹತ್ತಿಯ ಒಳಲಂಗವಿರಲಿ. ಗಂಜಿ ಹಾಕಿದ ಸೀರೆ ಹೊಟ್ಟೆಯ ಬಳಿ ಉಬ್ಬುವುದರಿಂದ ಏಳೆಂಟು ಸಣ್ಣ ನೆರಿಗೆಗಿಂತ ಐದು ಅಗಲ ನೆರಿಗೆ ಒಳ್ಳೆಯದು. ಸಿಕ್ಕಿಸುವ ಮೊದಲು ಅಂಗೈಯಿಂದ ಮೇಲಿನಿಂದ ಕೆಳಕ್ಕೆ ಒತ್ತಿಬಿಡಿ. ಬಸ್ಸಿನ ಮೆಟ್ಟಿಲಿಗೆ ತಾಗದಂತೆ ಅಂಚು ನೆಲದಿಂದ ಒಂದು ಬೆರಳಿನಷ್ಟು ಮೇಲಿರಲಿ. ಸೆರಗಿನ ಪಿನ್ ಒಂದೇ ಪದರಕ್ಕೆ ಚುಚ್ಚಿದರೆ ಎಳೆ ಹರಿಯುತ್ತದೆ. ಮೂರು ಮಡಿಕೆ ಸೇರಿಸಿ, ರವಿಕೆಯ ಒಳಗಿನಿಂದ ಚುಚ್ಚಿ.

ಮಳೆಗಾಲ ಬಂತೆಂದರೆ ಗಂಜಿಯ ಸೀರೆಯನ್ನು ಕಪಾಟಿನಲ್ಲಿಡಬೇಡಿ, ಆಟಿಯ ತೇವಕ್ಕೆ ಕರಿ ಚುಕ್ಕಿ ಬೀಳುತ್ತದೆ, ಜಿರಳೆಯೂ ಬರುತ್ತದೆ. ಒಗೆದು, ಗಂಜಿ ಪೂರ್ತಿ ಬಿಡಿಸಿ ಮಡಚಿಡಿ.