ಒಪ್ಪಿಕೊಂಡ ಆಫರನ್ನು ಮೇಲ್‌ನಲ್ಲಿ ಹಿಂದಿರುಗಿಸಿದ್ದು: ನನ್ನ ಅನುಭವ

ಲೆಕ್ಕ ಹೀಗಿತ್ತು. ಬೆಂಗಳೂರಿನ ಒಂದು ಕಂಪನಿಯ ಆಫರಿಗೆ ಮೇ 5ರಂದು ಸಹಿ ಹಾಕಿ ಕಳಿಸಿದ್ದೆ. ಅವತ್ತೇ ಹಳೇ ಕಂಪನಿಗೆ ರಾಜೀನಾಮೆ ಕೊಟ್ಟಿದ್ದರಿಂದ 60 ದಿನದ ನೋಟಿಸ್ ಜುಲೈ 4ಕ್ಕೆ ಮುಗಿಯುತ್ತಿತ್ತು, ಹೊಸ ಕಡೆ ಸೇರಬೇಕಾದ ದಿನ ಜುಲೈ 7. ಮೇ 28ಕ್ಕೆ ಹುಬ್ಬಳ್ಳಿಯಿಂದ ಇನ್ನೊಂದು ಆಫರ್ ಬಂತು. ಸಂಬಳ ತುಸು ಕಡಿಮೆಯೇ, ಆದರೆ ಸ್ವಂತ ಊರು, ಮನೆಯಿಂದಲೇ ಓಡಾಡಬಹುದು. ಮೇ 30ರ ಬೆಳಿಗ್ಗೆ ಬೆಂಗಳೂರಿನವರಿಗೆ ಫೋನ್ ಮಾಡಿ, ಅರ್ಧ ಗಂಟೆಯೊಳಗೆ ಮೇಲ್ ಕಳಿಸಿದೆ. ಆ ಎರಡು ದಿನದಲ್ಲಿ ಮಾಡಿದ್ದೇನು, ಮೇಲ್‌ನಲ್ಲಿ ಬರೆದದ್ದೇನು, ಬಿಟ್ಟದ್ದೇನು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ, ಎರಡನೇ ಆಫರ್ ಗಟ್ಟಿಯೋ ಅಲ್ಲವೋ ನೋಡುವುದು. ಫೋನಿನಲ್ಲಿ 'ನೀವು ಸೆಲೆಕ್ಟ್ ಆಗಿದ್ದೀರಿ' ಅಂದದ್ದು ಲೆಕ್ಕಕ್ಕಿಲ್ಲ. 'ಲೆಟರ್ ಆಫ್ ಇಂಟೆಂಟ್' ಅಂತ ಬರುವ ಒಂದು ಪುಟದ ಪತ್ರವೂ ಸಾಲದು, ಅದು ಆಫರ್ ಕೊಡುವ ಇರಾದೆ ಮಾತ್ರ. ಹುದ್ದೆಯ ಹೆಸರು, ಸಂಬಳದ ವಿವರ, ಕೆಲಸದ ಊರು, ಸೇರುವ ದಿನಾಂಕ ನಾಲ್ಕೂ ಇರುವ, ಅಧಿಕಾರ ಇದ್ದವರು ಸಹಿ ಮಾಡಿದ ಪತ್ರ ಕೈಗೆ ಬರಬೇಕು. ಅದರಲ್ಲಿ 'ಮೆಡಿಕಲ್ ಆದ ಮೇಲೆ', 'ಕ್ಲೈಂಟ್ ಒಪ್ಪಿದ ಮೇಲೆ' ಅನ್ನುವಂಥ ಷರತ್ತು ಇದ್ದರೆ ಅದು ಮುಗಿಯುವವರೆಗೆ ಮೊದಲನೆಯದನ್ನು ಬಿಡುವುದು ಅಪಾಯ. ಹುಬ್ಬಳ್ಳಿಯ ಪತ್ರ ಪೂರ್ತಿ ಓದಿ, 29ಕ್ಕೆ ಸಹಿ ಮಾಡಿ ಕಳಿಸಿ, ಅವರಿಂದ ತಲುಪಿದೆ ಎಂಬ ಉತ್ತರ ಬಂದ ಮೇಲೆಯೇ ಬೆಂಗಳೂರಿನ ಕಡೆ ತಿರುಗಿದ್ದು.

ಆಮೇಲೆ ಮೊದಲ ಆಫರ್ ಪತ್ರವನ್ನೇ ಮತ್ತೆ ಓದಬೇಕು, ಅದೂ ಕೊನೆಯ ಪುಟಗಳನ್ನು. ಸಂಬಳದ ಪಟ್ಟಿ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಬರುವ ಆ ಭಾಗವನ್ನು ಸಹಿ ಹಾಕುವಾಗ ಯಾರೂ ಸರಿಯಾಗಿ ಓದಿರುವುದಿಲ್ಲ. ಜಾಯ್ನಿಂಗ್ ಬೋನಸ್ ಮುಂಗಡವಾಗಿ ಬಂದಿದೆಯೇ, ಮನೆ ಸಾಗಿಸುವ ಖರ್ಚು ಕೊಟ್ಟಿದ್ದಾರೆಯೇ, ಸೇರದಿದ್ದರೆ ಇಷ್ಟು ಹಣ ಕಟ್ಟಬೇಕು ಎಂಬ ಸಾಲು ಇದೆಯೇ ಎಂದು ನೋಡಬೇಕು. ಹಣ ಬಂದಿದ್ದರೆ ಅವರು ಕೇಳುವ ಮುಂಚೆಯೇ 'ಯಾವ ಖಾತೆಗೆ ಕಳಿಸಲಿ' ಎಂದು ಅದೇ ಮೇಲ್‌ನಲ್ಲಿ ಕೇಳುವುದು ಸರಿ. ನನಗೆ ಏನೂ ಬಂದಿರಲಿಲ್ಲ. ಬಂದಿಲ್ಲ ಅನ್ನುವುದನ್ನೂ ಬರೆದೆ, ನಾಳೆ ಲೆಕ್ಕ ಕೇಳಿದರೆ ತೋರಿಸಲು.

ಕಾಯ್ದೆಯ ಮಾತು ಎರಡು ಸಾಲು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒಪ್ಪಿಗೆಯನ್ನು ಹಿಂಪಡೆಯಲು ಅವಕಾಶ ಇರುವುದು ಅದು ಎದುರಿನವರಿಗೆ ತಿಳಿಯುವ ಮುಂಚೆ ಮಾತ್ರ. ಮೂರು ವಾರದ ಹಿಂದೆ ತಲುಪಿದ ಒಪ್ಪಿಗೆ ಕರಾರು ಆಗಿಹೋಗಿದೆ, ಹಾಗಾಗಿ ಈ ಮೇಲ್ ಕಳಿಸುವುದೆಂದರೆ ಕೊಟ್ಟ ಮಾತು ಮುರಿದಂತೆಯೇ. ಆದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಒಬ್ಬರ ಸ್ವಂತ ದುಡಿಮೆಯ ಮೇಲೆ ನಿಂತ ಕರಾರನ್ನು ಕೋರ್ಟು ಬಲವಂತದಿಂದ ಮಾಡಿಸುವುದಿಲ್ಲ. ಕಂಪನಿ ಕೇಳಬಹುದಾದದ್ದು ನಷ್ಟ ಪರಿಹಾರ. ಪತ್ರದಲ್ಲೇ ಒಂದು ಮೊತ್ತ ಬರೆದಿದ್ದರೂ, ಕೋರ್ಟು ಕೊಡಿಸುವುದು ಆ ಮಿತಿಯೊಳಗಿನ ನ್ಯಾಯವಾದ ಪರಿಹಾರವನ್ನು, ಪೂರ್ತಿ ಮೊತ್ತವೇ ಆಗಬೇಕೆಂದಿಲ್ಲ. ದೊಡ್ಡ ಮೊತ್ತದ ಸಾಲು ಕಂಡರೆ ಮೇಲ್ ಕಳಿಸುವ ಮುಂಚೆ ವಕೀಲರಿಗೆ ಪತ್ರ ತೋರಿಸುವುದು ಒಳ್ಳೆಯದು.

ಇನ್ನು ಸಮಯ. ನಿರ್ಧಾರ ಆದ ಮೇಲೆ ಒಂದು ದಿನವೂ ಇಟ್ಟುಕೊಳ್ಳಬಾರದು ಅನ್ನುವುದಕ್ಕೆ ಕಾರಣ ಆ ಕಡೆಯ ಕೆಲಸ ನೋಡಿದರೆ ಗೊತ್ತಾಗುತ್ತದೆ. ನಾವು ಒಪ್ಪಿದ ದಿನ ಹುದ್ದೆ ಮುಚ್ಚುತ್ತದೆ. ಪಟ್ಟಿಯಲ್ಲಿ ಎರಡನೆಯವರಾಗಿದ್ದವರಿಗೆ 'ಆಗಲಿಲ್ಲ' ಅಂತ ಹೋಗುತ್ತದೆ. ಟೀಮಿನ ಮ್ಯಾನೇಜರ್ ಜುಲೈಯಿಂದ ಒಬ್ಬರು ಬರುತ್ತಾರೆ ಎಂದು ಕೆಲಸ ಹಂಚಿಟ್ಟಿರುತ್ತಾರೆ. 38 ದಿನ ಮುಂಚೆ ತಿಳಿದರೆ ಆ ಎರಡನೆಯವರನ್ನು ಮತ್ತೆ ಕರೆಯಬಹುದು, ಅವರ ನೋಟಿಸ್ ಅವಧಿಗೂ ಜಾಗ ಇರುತ್ತದೆ. ಜುಲೈ 3ಕ್ಕೆ ಹೇಳಿದರೆ ಹುಡುಕಾಟ ಮೊದಲಿಂದ ಶುರು. 'ಕೊನೆಯವರೆಗೂ ಎರಡೂ ಕೈಯಲ್ಲಿರಲಿ' ಎಂದು ಸಲಹೆ ಕೊಡುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ನನಗೆ ಆ ಸಲಹೆ ಹಿಡಿಸುವುದಿಲ್ಲ.

ವಾರದ ದಿನ ಬೆಳಿಗ್ಗೆ ಹತ್ತು, ಹತ್ತೂವರೆಗೆ ಮೊದಲು ಫೋನ್. ಶುಕ್ರವಾರ ಸಂಜೆ ಆರೂವರೆಗೆ ಕಳಿಸಿದ ಮೇಲ್ ಸೋಮವಾರವೇ ಓದಿಸಿಕೊಳ್ಳುವುದು, ಕಳಿಸಿದವರು ಮುಖ ತಪ್ಪಿಸಿದರು ಎಂದೂ ಅನ್ನಿಸುತ್ತದೆ. ಫೋನಿನಲ್ಲಿ ಮೂರು ಮಾತು ಸಾಕು: ಸೇರುತ್ತಿಲ್ಲ, ಕಾರಣ ಇಷ್ಟು, ಈಗಲೇ ಮೇಲ್ ಕಳಿಸುತ್ತೇನೆ. ಎತ್ತದಿದ್ದರೆ ಇನ್ನೊಮ್ಮೆ ಪ್ರಯತ್ನಿಸಿ, ಆಮೇಲೆ ಮೇಲ್ ಕಳಿಸಿಬಿಡುವುದು.

ಮೇಲ್ ಹೋಗಬೇಕಾದದ್ದು ಆಫರ್ ಬಂದ ಅದೇ ಥ್ರೆಡ್‌ಗೆ ಉತ್ತರವಾಗಿ. ಹೊಸದಾಗಿ ಬರೆದರೆ ಯಾರ ಆಫರ್, ಯಾವ ಹುದ್ದೆ ಎಂದು ಹುಡುಕುವ ಕೆಲಸ ಅವರ ಪಾಲಿಗೆ ಬರುತ್ತದೆ. ಎಚ್‌ಆರ್ ಅವರಿಗೆ ನೇರವಾಗಿ, ಮ್ಯಾನೇಜರಿಗೆ ಪ್ರತಿ. ಕಳಿಸುವುದು ಸ್ವಂತ ಮೇಲ್‌ನಿಂದ, ಈಗಿನ ಆಫೀಸಿನ ಮೇಲ್‌ನಿಂದಲ್ಲ. ಸಬ್ಜೆಕ್ಟ್‌ನಲ್ಲಿ ಹೆಸರು, ಆಫರ್ ಸಂಖ್ಯೆ, ಸೇರಬೇಕಿದ್ದ ದಿನಾಂಕ, 'ಆಫರ್ ಹಿಂದಿರುಗಿಸುವ ಬಗ್ಗೆ' ಎಂಬ ನಾಲ್ಕೂ ಇದ್ದರೆ ತೆರೆಯುವ ಮುಂಚೆಯೇ ವಿಷಯ ತಿಳಿಯುತ್ತದೆ.

ನಾನು ಕಳಿಸಿದ್ದು ಇಂಗ್ಲಿಷಿನಲ್ಲಿ, ಆ ಥ್ರೆಡ್ ಇದ್ದದ್ದೇ ಹಾಗೆ. ಅದರ ಒಕ್ಕಣೆ ಕನ್ನಡದಲ್ಲಿ ಹೀಗಾಗುತ್ತದೆ:

'ನಮಸ್ಕಾರ ಮೇಡಂ,

ಈಗ ಫೋನಿನಲ್ಲಿ ತಿಳಿಸಿದಂತೆ, ಮೇ 5ರಂದು ಒಪ್ಪಿಕೊಂಡಿದ್ದ ಆಫರನ್ನು ಹಿಂದಿರುಗಿಸುತ್ತಿದ್ದೇನೆ. ಜುಲೈ 7ರಂದು ಕೆಲಸಕ್ಕೆ ಸೇರುವುದಿಲ್ಲ.

ಒಪ್ಪಿಕೊಂಡ ನಂತರ ನನ್ನ ಊರಾದ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಮನೆಯವರ ಹತ್ತಿರ ಇರಬೇಕೆಂದು ಅದನ್ನು ಆರಿಸಿಕೊಂಡಿದ್ದೇನೆ. ಇದು ಅಂತಿಮ ನಿರ್ಧಾರ.

ನನಗಾಗಿ ಹುದ್ದೆ ಕಾದಿರಿಸಿ ಬೇರೆಯವರನ್ನು ಬಿಟ್ಟಿದ್ದೀರಿ. ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲ, ಕ್ಷಮಿಸಿ.

ನನ್ನ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ನಿಲ್ಲಿಸಲು ಏಜೆನ್ಸಿಗೆ ದಯವಿಟ್ಟು ಇಂದೇ ತಿಳಿಸಿ. ಕಂಪನಿಯಿಂದ ನಾನು ಹಣ ಪಡೆದಿಲ್ಲ, ಲ್ಯಾಪ್‌ಟಾಪ್ ಬಂದಿಲ್ಲ. ಕೊರಿಯರ್ ಹೊರಟಿದ್ದರೆ ಹೇಳಿ, ಬಿಚ್ಚದೆ ವಾಪಸ್ ಕಳಿಸುತ್ತೇನೆ.

ಈ ಮೇಲ್ ತಲುಪಿದ್ದಕ್ಕೆ ಒಂದು ಸಾಲಿನ ಉತ್ತರ ಕೊಟ್ಟರೆ ಉಪಕಾರ.'

ಕೆಳಗೆ ಪೂರ್ತಿ ಹೆಸರು, ಫೋನ್ ನಂಬರ್. ಅಷ್ಟೇ.

ಇದರ ಮೊದಲ ಕರಡು ಇದರ ಎರಡರಷ್ಟಿತ್ತು, ಕೆಟ್ಟದಾಗಿಯೂ ಇತ್ತು. ಕಂಪನಿಯ ಬಗ್ಗೆ ಹೊಗಳಿಕೆ, ಇಂಟರ್‌ವ್ಯೂ ಮಾಡಿದವರಿಗೆ ಧನ್ಯವಾದ, ಆಮೇಲೆ ಎಲ್ಲೋ ಆರನೇ ಸಾಲಿನಲ್ಲಿ ವಿಷಯ. ದಿನಕ್ಕೆ ನೂರಾರು ಮೇಲ್ ನೋಡುವವರು ಮೊದಲ ಎರಡು ಸಾಲು ಓದಿ 'ಧನ್ಯವಾದದ ಮೇಲ್' ಎಂದು ಪಕ್ಕಕ್ಕಿಟ್ಟರೆ ವಾರ ಹೋಗುತ್ತದೆ. ಇನ್ನೊಂದು ತಪ್ಪು ಕ್ರಿಯಾಪದದ್ದು. 'ಸೇರಲು ಕಷ್ಟವಾಗಬಹುದು', 'ಮರುಯೋಚನೆ ಮಾಡುತ್ತಿದ್ದೇನೆ' ಎಂದು ಬರೆದಿದ್ದೆ. ಅದನ್ನು ಓದಿದ ಎಚ್‌ಆರ್‌ಗೆ ಅರ್ಥವಾಗುವುದು ಒಂದೇ: ಇವರಿಗೆ ಇನ್ನೂ ಸ್ವಲ್ಪ ಸಂಬಳ ಬೇಕು. ಕೂಡಲೇ ಹೊಸ ಮೊತ್ತ ಬರುತ್ತದೆ, ಆಮೇಲೆ ಬೇಡ ಅಂದರೆ ಚೌಕಾಸಿ ಮಾಡಿ ಕೈಕೊಟ್ಟಂತೆ. 'ಸೇರುವುದಿಲ್ಲ' ಅನ್ನುವ ಪದ ಒರಟಾಗಿ ಕಂಡರೂ ಇಲ್ಲಿ ಅದೇ ಮರ್ಯಾದೆಯ ಪದ.

ಕಾರಣದ ಸಾಲಿನ ಬಗ್ಗೆ ಇನ್ನಷ್ಟು. 'ಅನಿವಾರ್ಯ ವೈಯಕ್ತಿಕ ಕಾರಣಗಳಿಂದ' ಅನ್ನುವುದು ಸುಳ್ಳಲ್ಲ, ಆದರೆ ಏನನ್ನೂ ಹೇಳುವುದಿಲ್ಲ, ಆದ್ದರಿಂದ ಫೋನ್ ಮೇಲೆ ಫೋನ್ ಬರುತ್ತದೆ. ಅಪ್ಪನಿಗೆ ಹುಷಾರಿಲ್ಲ ಎಂಬ ಕತೆ ಇನ್ನೂ ಅಪಾಯ. 'ಪರವಾಗಿಲ್ಲ, ಒಂದು ತಿಂಗಳು ತಡವಾಗಿ ಬನ್ನಿ' ಎಂದು ಅವರು ಒಳ್ಳೆಯ ಮನಸ್ಸಿನಿಂದ ಹೇಳಿದರೆ ಮುಂದೆ ಏನು ಹೇಳುವುದು? ಎರಡು ತಿಂಗಳಿಗೆ ಲಿಂಕ್ಡ್‌ಇನ್‌ನಲ್ಲಿ ಹೊಸ ಕಂಪನಿಯ ಹೆಸರು ಕಂಡೇ ಕಾಣುತ್ತದೆ. ನಿಜವಾದ ಕಾರಣದಲ್ಲಿ ಒಂದೇ ಒಂದು ತುಣುಕು ಸಾಕು, ಎದುರಿನವರು ಅದಕ್ಕೆ ಪರಿಹಾರ ಕೊಡಲಾಗದಂಥ ತುಣುಕಾದರೆ ಇನ್ನೂ ಒಳ್ಳೆಯದು. ನನಗೆ ಅದು ಊರು. ಸಂಬಳವೇ ಕಾರಣವಾಗಿದ್ದವರು 'ಇನ್ನೂ ಹೆಚ್ಚಿನ ಜವಾಬ್ದಾರಿ ಮತ್ತು ಸಂಬಳದ ಕೆಲಸ ಸಿಕ್ಕಿದೆ' ಎಂದು ಬರೆದರೆ ತಪ್ಪೇನಿಲ್ಲ. ಮೊತ್ತ, ಹೊಸ ಕಂಪನಿಯ ಹೆಸರು, ಇಬ್ಬರ ಹೋಲಿಕೆ ಬೇಡ. ಹೆಸರು ಕೇಳಿದರೆ 'ಸೇರಿದ ಮೇಲೆ ಹೇಳುತ್ತೇನೆ' ಅಂದರಾಯಿತು.

ವೆರಿಫಿಕೇಶನ್ ಸಾಲನ್ನು ಹಲವರು ಮರೆಯುತ್ತಾರೆ. ಆಫರಿಗೆ ಸಹಿ ಹಾಕುವಾಗಲೇ ಅದಕ್ಕೂ ಒಪ್ಪಿಗೆ ಕೊಟ್ಟಿರುತ್ತೇವೆ, ಏಜೆನ್ಸಿ ಬೇರೆಯದೇ. ಎಚ್‌ಆರ್ ನಿಲ್ಲಿಸು ಅನ್ನದಿದ್ದರೆ ಅದು ತನ್ನ ಪಾಡಿಗೆ ಹಳೇ ಆಫೀಸಿಗೆ, ಕಾಲೇಜಿಗೆ ಮೇಲ್ ಕಳಿಸುತ್ತಲೇ ಇರುತ್ತದೆ. ಹಾಗೆಯೇ ಆನ್‌ಬೋರ್ಡಿಂಗ್ ಪೋರ್ಟಲ್. ಅಲ್ಲಿ ಆಫರ್ ನಿರಾಕರಿಸುವ ಆಯ್ಕೆ ಇದ್ದರೆ ಅದನ್ನು ಎಚ್‌ಆರ್ ಉತ್ತರ ಬಂದ ಮೇಲೆ ಒತ್ತಬೇಕು. ಮೊದಲೇ ಒತ್ತಿದರೆ ನಮ್ಮ ಮಾತಿಗಿಂತ ಮುಂಚೆ ಯಂತ್ರದ ಸೂಚನೆ ಅವರಿಗೆ ಹೋಗಿರುತ್ತದೆ.

ಕನ್ಸಲ್ಟೆನ್ಸಿ ಮೂಲಕ ಹೋಗಿದ್ದರೆ ಅವರಿಗೆ ಬೇರೆಯೇ ಫೋನ್, ಕಂಪನಿಗೆ ತಿಳಿಸಿದ ಕೂಡಲೇ. ಅವರಿಗೆ ಕಮಿಷನ್ ಸಿಗುವುದು ಸಾಮಾನ್ಯವಾಗಿ ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ, ಆದ್ದರಿಂದ ಹೆಚ್ಚು ಒತ್ತಡ ಬರುವುದೂ ಅಲ್ಲಿಂದಲೇ. 'ನಿಮ್ಮ ಹೆಸರು ಬ್ಲ್ಯಾಕ್‌ಲಿಸ್ಟ್ ಆಗುತ್ತದೆ', 'ಒಂದು ವಾರ ಸೇರಿ ಬಿಡಿ' ಎಂಬ ಮಾತುಗಳು ಬಂದಾವು. ಒಂದು ವಾರಕ್ಕೆ ಸೇರಿದರೆ ಪಿಎಫ್ ಖಾತೆಯಲ್ಲಿ ಆ ಕಂಪನಿಯ ಹೆಸರು ದಾಖಲಾಗಿ, ಮುಂದಿನ ಪ್ರತಿ ವೆರಿಫಿಕೇಶನ್‌ನಲ್ಲೂ ಅದಕ್ಕೆ ವಿವರಣೆ ಕೊಡುತ್ತಾ ಕೂರಬೇಕು. ಸೇರದೆ ಬಿಡುವುದೇ ಲೇಸು. ಕಂಪನಿ ತನ್ನ ದಾಖಲೆಯಲ್ಲಿ ನಮ್ಮ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುವುದು ನಿಜ, ಕೆಲವು ಕಾಲ ಅಲ್ಲಿಗೆ ಮತ್ತೆ ಅರ್ಜಿ ಹಾಕಲಾಗದಿರಬಹುದು. ಆ ಬೆಲೆ ತೆರಲು ತಯಾರಿರಬೇಕು. ಮೇಲ್‌ನ ಕೊನೆಗೆ 'ಮುಂದೆ ಅವಕಾಶವಿದ್ದರೆ ನೆನಪಿಡಿ' ಎಂದು ಬರೆಯದಿದ್ದದ್ದು ಅದಕ್ಕೇ.

ಕಳಿಸಿದ ಮೇಲೆ ಮೌನ ಬಂದರೆ ಮೂರನೇ ಕೆಲಸದ ದಿನ ಅದೇ ಥ್ರೆಡ್‌ನಲ್ಲಿ ಒಂದು ಸಾಲು: ತಲುಪಿದೆಯೇ ತಿಳಿಸಿ. ಸಂಬಳ ಹೆಚ್ಚಿಸುತ್ತೇವೆ ಎಂದು ಬಂದರೂ ಒಂದೇ ಸಾಲು: ಧನ್ಯವಾದ, ನಿರ್ಧಾರ ಬದಲಾಗುವುದಿಲ್ಲ. ನನಗೆ ಎರಡನೇ ದಿನಕ್ಕೆ 'ನೋಟೆಡ್' ಎಂಬ ಒಂದು ಪದದ ಉತ್ತರ ಬಂತು. ಅದು ಸಿಟ್ಟೋ ಅವಸರವೋ ಎಂದು ಕೆದಕಲು ಹೋಗಲಿಲ್ಲ. ಆ ಉತ್ತರವನ್ನೂ ಆಫರ್ ಪತ್ರವನ್ನೂ ಒಂದೇ ಫೋಲ್ಡರಿಗೆ ಹಾಕಿಟ್ಟೆ. ಜುಲೈ 7ರ ಬೆಳಿಗ್ಗೆ ಅವರ ಪೋರ್ಟಲ್‌ನಿಂದ 'ಇವತ್ತು ನಿಮ್ಮ ಮೊದಲ ದಿನ, ಸ್ವಾಗತ' ಎಂದು ಮೇಲ್ ಬಂದಾಗ ಅದು ಉಪಯೋಗಕ್ಕೆ ಬಂತು. 'ನೋಟೆಡ್' ಇದ್ದ ಥ್ರೆಡ್ಡನ್ನೇ ಫಾರ್ವರ್ಡ್ ಮಾಡಿ, ಪಟ್ಟಿಯಿಂದ ಹೆಸರು ತೆಗೆಯಲು ಕೇಳಿದೆ.